ತೊಗಲು ತಂದು ತೋರಿಸು

ನಮ್ಮ ಸಾವಕಾರ ಶುದ್ಧ ಶಾಕಾಹಾರಿ. ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದರೂ ಮೂಗು ಮುಚ್ಚಿಕೊಳ್ಳುವ ಮನುಷ್ಯ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಶರಣರ ವಚನ. ಆದರೆ ತನ್ನ ಕುರಿ ಸತ್ತಿತೆಂದರೆ ಅದರ ಹಸಿ ತೊಗಲು ಮನೆಯ ಹಿತ್ತಲಿಗೆ ಬರಲೇಬೇಕು. ಮುಟ್ಟುತ್ತಿರಲಿಲ್ಲ ಮತ್ತೆ, ಮಡಿ ಕೆಡುತ್ತದಲ್ಲ! ದೂರ ನಿಂತು ಊರುಗೋಲಿನ ತುದಿಯಿಂದ ಕಿವಿಯನ್ನು ಎತ್ತಿ ನೋಡುತ್ತಿದ್ದ. ಬಲಗಿವಿಯಲ್ಲಿ ಅವನ ಮನೆತನದ ಕತ್ತರಿಗುರುತು ಕಂಡಿತೆಂದರೆ "ಹೂಂ, ನಮ್ಮದ" ಅನ್ನುವುದು, ಆಮೇಲೆ ಹೋಗಿ ಸ್ನಾನ ಮಾಡುವುದು. ತೊಗಲು ದನದ ಕೊಟ್ಟಿಗೆಯ ಗೋಡೆಯ ಮೇಲೆ ಒಣಗಿ, ತೊಗಲಿನ ವ್ಯಾಪಾರಿ ಬಂದಾಗ ಅವನ ಗಾಡಿ ಏರುತ್ತಿತ್ತು. ಆ ವ್ಯಾಪಾರಕ್ಕೆ ಮಾತ್ರ ಯಾವ ಮಡಿಯೂ ಅಡ್ಡ ಬರುತ್ತಿರಲಿಲ್ಲ.

ನಾವು ಅವನ ಕುರಿಗಳನ್ನು ಪಾಲಿಗೆ ಕಾಯುತ್ತಿದ್ದೆವು. ಅಂದರೆ ತಾಯಿಕುರಿ ಅವನದು, ಮೇಯಿಸುವ ಮೈ ನಮ್ಮದು, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಜತ್ತ ತಾಲೂಕಿನ ನಮ್ಮ ಕಲ್ಲುನೆಲದ ಮಡ್ಡಿಯ ಕಡೆ ಬಹಳ ಹಟ್ಟಿಗಳು ಹೀಗೇ ನಡೆಯುತ್ತಿದ್ದವು. ಕುರಿ ಸತ್ತರೆ ಕುರಿಗಾರ ಅದನ್ನು ಸುಲಿದು, ಕಿವಿ ಸಮೇತ ತೊಗಲನ್ನು ಮಾಲಕನಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಸಂತೆಯಲ್ಲಿ ಮಾರಿಕೊಂಡ ಅಂತಲೇ ಲೆಕ್ಕ. ತೋಳ ಹೊತ್ತೊಯ್ದರೂ ಕಿವಿಯನ್ನಾದರೂ ಹುಡುಕಿ ತರಬೇಕಿತ್ತು. ತೋಳಕ್ಕೆ ಯಾರಾದರೂ ಹೇಳಿ ಇಡಬೇಕಿತ್ತು, ಕಿವಿ ಬಿಟ್ಟು ತಿನ್ನಪ್ಪಾ ಅಂತ!

ನಾನು ಆ ಹಟ್ಟಿಗೆ ಸೊಸೆಯಾಗಿ ಬಂದವಳು. ತವರು ತಿಕೋಂಡಿಯ ಕಡೆ. ಅಲ್ಲಿ ಸಾಲಿಯಲ್ಲಿ ಮೂರನೇ ಇಯತ್ತೆ ಕಲಿತಿದ್ದೆ, ಅದಕ್ಕಿಂತ ಮೊದಲೇ ಬಾಯಿ ಕಲಿತಿದ್ದೆ. "ನಿನ್ನ ನಾಲಿಗಿಗೆ ಒಂದ ದಾಂವಣಿ ಕಟ್ಟಬೇಕಾಗಿತ್ತು" ಅಂತ ನಮ್ಮ ಅತ್ತೆ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ನನ್ನ ಗಂಡ ಮಾತ್ರ ನನ್ನ ತದ್ವಿರುದ್ಧ. ಮಾತು ಕಡಿಮೆ, ಮಾನ ಜಾಸ್ತಿ. ಯಾರಾದರೂ ಅವನನ್ನು ಹೊಡೆದಿದ್ದರೆ ಒರೆಸಿಕೊಂಡು ಬರುತ್ತಿದ್ದ, ಸುಳ್ಳುಗಾರ ಅಂದರೆ ಮಾತ್ರ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಬಡವನಿಗೆ ಇಂಥ ಮಾನ ಇರಬಾರದು. ಅದನ್ನು ಸಾಕಲು ಕುರಿ ಸಾಕುವುದಕ್ಕಿಂತ ಹೆಚ್ಚು ಮೇವು ಬೇಕು.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಕೆಲವು ವರ್ಷ ಆಗಿರಬೇಕು. ಆ ವರ್ಷ ಬೇಸಿಗೆ ಉದ್ದಕ್ಕೆ ಬೆಳೆಯಿತು. ಆಮೇಲೆ ಒಮ್ಮೆಲೇ ಮಳೆ ಹೊಡೆದು, ಹಳ್ಳದ ಪಕ್ಕದ ತಗ್ಗಿನಲ್ಲಿ ನೀರು ನಿಂತು ಇಂಗಿತು. ಮಡ್ಡಿಯೆಲ್ಲ ಇನ್ನೂ ಬೋಳಾಗಿದ್ದಾಗ ಆ ತಗ್ಗಿನಲ್ಲಿ ಮಾತ್ರ ಎಳೆ ಹುಲ್ಲು ಚಿಗುರಿತು. ಕುರಿಗೆ ಅದನ್ನು ಕಂಡರೆ ಸಾಕು, ಬುಡಕ್ಕೇ ಬಾಯಿ ಹಾಕಿ, ಬೇರು ಮಣ್ಣು ಎಲ್ಲ ಸೇರಿಸಿ ಕಿತ್ತು ತಿನ್ನುತ್ತದೆ. ನಮ್ಮ ಹಿಂಡು ನಾಲ್ಕಾರು ದಿನ ಅಲ್ಲೇ ಮೇಯ್ದಿತು.

ಒಂದು ಬೆಳಗ್ಗೆ ಹಟ್ಟಿಯಲ್ಲಿ ಒಂದು ಕುರಿ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಚೆನ್ನಾಗಿಯೇ ಮೇಯ್ದು ಬಂದ ಕುರಿ. ಕೆಮ್ಮಿಲ್ಲ, ಜ್ವರವಿಲ್ಲ, ಕುಂಟಿಲ್ಲ. ಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಮೂಗಿನಿಂದ, ಹಿಂದಿನಿಂದ ಕಪ್ಪು ರಕ್ತ ಸೋರಿತ್ತು. ಆ ರಕ್ತ ಹೆಪ್ಪುಗಟ್ಟದೆ ಹಾಗೇ ನೀರುನೀರಾಗಿತ್ತು. ಸತ್ತು ಹೊತ್ತಾಗಿದ್ದರೂ ಕಾಲು ಸೆಟೆದಿರಲಿಲ್ಲ.

"ಹೊಸ ಹುಲ್ಲ ತಿಂದ ಹೊಟ್ಟಿ ಉಬ್ಬೇತಿ, ಮತ್ತೇನ" ಅಂದಳು ನಮ್ಮ ಅತ್ತೆ. ಅತ್ತೆಗೆ ಎಲ್ಲ ರೋಗಕ್ಕೂ ಒಂದೇ ಕಾರಣ, ಹೊಟ್ಟೆ. ಗಂಡ ಚೂರಿ ಮಸೆಯಲು ಕುಳಿತ. ನನಗೆ ಆ ಕಪ್ಪು ರಕ್ತ ನೋಡಿ ಯಾಕೋ ಇದು ಬರೀ ಹೊಟ್ಟೆಯುಬ್ಬರ ಅಲ್ಲ ಅನ್ನಿಸಿತು. ಜತ್ತದ ದನದ ಡಾಕ್ಟರ ಊರ ಚಾವಡಿಯಲ್ಲಿ ಹೋರಿಗಳನ್ನು ನೋಡಲು ಬಂದಿದ್ದಾನೆಂದು ನೀರಿಗೆ ಹೋದಾಗ ಕೇಳಿದ್ದೆ.

"ಚೂರಿ ಹಚ್ಚಬ್ಯಾಡ್ರಿ, ಡಾಕ್ಟರನ್ನ ಕರಕೊಂಡ ಬರ್ತೀನಿ" ಅಂದೆ.

"ಹೆಂಗಸ ಚಾವಡಿಗಿ ಹೊಕ್ಕಾಳಂತ! ಸತ್ತ ಕುರಿಗಿ ಡಾಕ್ಟರ ಏನ ಜೀವಾ ತುಂಬತಾನೇನ?" ಅಂತ ಅತ್ತೆ ಹಿಂದಿನಿಂದ ಕೂಗುತ್ತಲೇ ಇದ್ದಳು. ನಾನು ಸೆರಗು ಕಟ್ಟಿಕೊಂಡು ನಡೆದೆ.

ಡಾಕ್ಟರ ಮರಾಠಿಯವನು, ಪುಣೆಯ ಕಡೆಯಿಂದ ಹೊಸದಾಗಿ ಬಂದಿದ್ದ ತೆಳ್ಳಗಿನ ಮನುಷ್ಯ. ನಾನು ರಕ್ತದ ಮಾತು ಹೇಳಿದ ಕೂಡಲೇ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟು ಸೈಕಲ್ ಹತ್ತಿದ. ನಾನು ಹಿಂದಿನಿಂದ ಓಡುತ್ತ ಹೋಗುವಷ್ಟರಲ್ಲಿ ಹಟ್ಟಿಯ ಬಾಯಲ್ಲಿ ಅವನ ಕೂಗು ಕೇಳಿತು.

"ಕಾಪು ನಕಾ! ಕೊಯ್ಯಬ್ಯಾಡಾ! ಚಾಕು ಖಾಲಿ ಠೇವ್, ಕೆಳಗ ಇಡು!"

ನನ್ನ ಗಂಡ ಚೂರಿ ಹಿಡಿದು ಕುರಿಯ ಕಾಲ ಹತ್ತಿರ ಕೂತಿದ್ದವನು ಬೆಚ್ಚಿಬಿದ್ದು ಎದ್ದು ನಿಂತ. ಇನ್ನು ತುಸು ತಡವಾಗಿದ್ದರೆ ಹೊಟ್ಟೆ ಸೀಳುತ್ತಿದ್ದ.

ಡಾಕ್ಟರ ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಕುರಿಯ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆಯಬೇಕು ಅಂದ. ಗಾಜಿನ ಮೇಲೆ ಸವರಿ ಜತ್ತದಲ್ಲಿ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನಲ್ಲಿ ನೋಡುವುದಂತೆ. ನನ್ನ ಗಂಡ ಕೈ ಮುಗಿದ: "ಎಡಗಿವಿ ತಗೋರಿ ಸಾಹೇಬ್ರ. ಬಲಗಿವ್ಯಾಗ ಸಾವಕಾರ್ರ ಗುರ್ತ ಐತಿ." ಲೋಕ ಮುಳುಗುತ್ತಿದ್ದರೂ ಇವನಿಗೆ ಕಿವಿಯ ಚಿಂತೆ. ಡಾಕ್ಟರ ಎಡಗಿವಿಯ ತುದಿಯನ್ನೇ ಚೂರು ಕತ್ತರಿಸಿ ರಕ್ತ ತೆಗೆದು, ಗಾಯಕ್ಕೆ ಔಷಧಿಯಲ್ಲಿ ಅದ್ದಿದ ಹತ್ತಿ ಒತ್ತಿ ಕಟ್ಟಿದ.

"ಹಂಗಾದ್ರ ತೊಗಲರೆ ಸುಲಕೋತೀನ್ರಿ. ಹೊಟ್ಟಿ ಮುಟ್ಟೂದಿಲ್ಲ" ಅಂದ ಗಂಡ.

"ಒಂದು ಕೂದಲ ಸುದ್ಧಾ ನಾಹಿ" ಅಂದ ಡಾಕ್ಟರ. ಆಮೇಲೆ ಅವನ ಹರಕುಮುರುಕು ಕನ್ನಡದಲ್ಲೇ ತಾಳ್ಮೆಯಿಂದ ತಿಳಿಸಿ ಹೇಳಿದ. ಈ ರೋಗಕ್ಕೆ ಅವರಲ್ಲಿ ಫಾಶಿ ಅನ್ನುತ್ತಾರೆ, ನಮ್ಮಲ್ಲಿ ನೆರಡಿ. ಚೆನ್ನಾಗಿದ್ದ ಪ್ರಾಣಿ ಏಕಾಏಕಿ ಸತ್ತು, ಮೂಗುಬಾಯಿಯಲ್ಲಿ ಇಂಥ ರಕ್ತ ಬಂದರೆ ಮೊದಲು ನೆರಡಿ ಅಂತಲೇ ತಿಳಿಯಬೇಕು. ರೋಗದ ಜಂತು ಆ ರಕ್ತದಲ್ಲಿ ಕೋಟಿಗಟ್ಟಲೆ ಇರುತ್ತದೆ. ಮೈ ಮುಚ್ಚಿಯೇ ಇದ್ದರೆ ಒಳಗಿನದು ಕೊಳೆಯುವಾಗ ಜಂತುವೂ ಕೊಳೆತು ಸಾಯುತ್ತದೆ. ಕೊಯ್ದರೆ ರಕ್ತಕ್ಕೆ ಗಾಳಿ ತಾಗುತ್ತದೆ. ಗಾಳಿ ತಾಗಿದ ಜಂತು ಗಟ್ಟಿ ಸಿಪ್ಪೆ ಹೊದ್ದುಕೊಂಡು ಬೀಜವಾಗಿ ಮಣ್ಣು ಸೇರುತ್ತದೆ. ಬಿಸಿಲಿಗೆ, ಮಳೆಗೆ ಜಗ್ಗುವುದಿಲ್ಲ. "ನೀ ಸಾಯ್ತಿ, ನಿನ್ನ ಮಗಾ ಮುದುಕಾ ಆಗ್ತಾನ, ಅದು ಅಲ್ಲೇ ಇರತದ. ಯಾವದೋ ಮಳಿಗೆ ಮ್ಯಾಲ ಬರತದ, ಹುಲ್ಲಿನ ಸಂಗಟ ಕುರಿ ಹೊಟ್ಟಿಗೆ ಹೋಗತದ." ಆ ತಗ್ಗಿನಲ್ಲಿ ಯಾವ ಕಾಲದಲ್ಲೋ ಯಾರೋ ಇಂಥ ದನ ಸುಲಿದಿರಬೇಕು ಅಂದ. ಕೊಯ್ದವನಿಗೂ, ಹೊತ್ತವನಿಗೂ, ತಿಂದವನಿಗೂ ಈ ರೋಗ ಹತ್ತುತ್ತದೆ ಅಂತಲೂ ಹೇಳಿದ.

ಅವನು ನಿಂತು ಮಾಡಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕುರಿಯನ್ನು ಎಳೆಯಲು ಬಿಡಲಿಲ್ಲ, ಎಳೆದ ದಾರಿಯುದ್ದಕ್ಕೂ ರಕ್ತ ಸೋರುತ್ತದೆಯಲ್ಲ. ಅದರ ಮೂಗು, ಬಾಯಿ, ಹಿಂದಿನ ದ್ವಾರಕ್ಕೆ ಔಷಧಿಯಲ್ಲಿ ನೆನೆಸಿದ ಅರಿವೆ ತುರುಕಿದ. ಹಳ್ಳಕ್ಕೂ ಬಾವಿಗೂ ದೂರವಾದ ಎತ್ತರದ ನೆಲದಲ್ಲಿ, ಹಟ್ಟಿಯ ಮಗ್ಗುಲಲ್ಲೇ, ನಿಂತ ಆಳು ಮುಳುಗುವಷ್ಟು ಕುಣಿ ತೋಡಿಸಿದ. ಅಲ್ಲಿಯ ತನಕ ನಾಯಿ ಹದ್ದು ಬರದಂತೆ ಜಾಲಿ ಮುಳ್ಳು ಮುಚ್ಚಿ ಕಾಯುವ ಕೆಲಸ ನನ್ನದು. ಕುರಿಯನ್ನು ಗೋಣಿತಟ್ಟಿನ ಮೇಲೆ ಹೊರಳಿಸಿ, ತಟ್ಟಿನ ಸಮೇತ ಎತ್ತಿ ಕುಣಿಗೆ ಇಳಿಸಿದೆವು. ರಕ್ತ ಬಿದ್ದ ಮಣ್ಣನ್ನು ಕೆರೆದು ಅದರ ಜೊತೆಗೇ ಹಾಕಿದೆವು. ಮನೆಗೆ ಬಳಿಯಲು ತಂದಿಟ್ಟ ಸುಣ್ಣದ ಹಳ್ಳು ಇತ್ತು, ಅದನ್ನು ಕೆಳಗೂ ಮೇಲೂ ಸುರಿದು ಮಣ್ಣು ಮುಚ್ಚಿ ಮುಳ್ಳು ಹೇರಿದೆವು. ಆ ಕುರಿ ಮಲಗಿದ್ದ ಕಸ ಹಿಕ್ಕೆಗೆಲ್ಲ ಅಲ್ಲೇ ಬೆಂಕಿ. ಕೊನೆಗೆ ತನ್ನ ಚೀಲದಿಂದ ಸಾಬೂನು ತೆಗೆದು ಎಲ್ಲರ ಕೈ ಮೊಣಕೈವರೆಗೆ ತೊಳೆಸಿದ. ಹಿಂಡನ್ನು ತಗ್ಗಿನ ಕಡೆ ಬಿಡಬೇಡಿ, ಮಡ್ಡಿಯ ಮೇಲೆ ಹೊಡೆಯಿರಿ, ಇನ್ನಷ್ಟು ಸುಣ್ಣ ತಂದಿಟ್ಟುಕೊಳ್ಳಿ, ಲಸಿಕೆ ತರಿಸಿಕೊಂಡು ಬರುತ್ತೇನೆ ಅಂತ ಹೇಳಿ ಸೈಕಲ್ ಹತ್ತಿದ.

ಎಲ್ಲ ಸರಿಯಾಗಿಯೇ ನಡೆದಿತ್ತು. ಕೆಡಿಸಲು ಸಾವಕಾರನೊಬ್ಬ ಬೇಕಾಗಿತ್ತು, ಅವನು ಇದ್ದೇ ಇದ್ದ.

ಸಂಜೆ ನನ್ನ ಗಂಡ ಸುದ್ದಿ ಮುಟ್ಟಿಸಲು ಹೋದ. ಸಾವಕಾರ ಪಡಸಾಲೆಯಲ್ಲಿ ನಾಲ್ಕು ಮಂದಿಯ ನಡುವೆ ಲೋಡಿಗೆ ಒರಗಿ ಕೂತಿದ್ದನಂತೆ. ಅಲ್ಲಿ ನಡೆದ ಮಾತನ್ನು ಆಮೇಲೆ ಊರೇ ಬಾಯಿಪಾಠ ಮಾಡಿಕೊಂಡು ನನಗೆ ಒಪ್ಪಿಸಿತು.

"ತೊಗಲ ಎಲ್ಲೈತಿ?"

"ಹೂತೇವ್ರಿ ಸಾವಕಾರ್ರ. ಡಾಕ್ಟರ ಸುಲೀಬ್ಯಾಡ ಅಂದ್ರು. ನೆರಡಿ ಅಂತ."

"ಹೂತಿ? ಕುರಿ ಹೂಳ್ತಾರೇನಲೇ? ಅದಕ್ಕೇನ ಗದ್ದಿಗಿ ಕಟ್ಟಸ್ತೀಯೇನ? ಕಿವಿ?"

"ಕಿವೀನೂ ಕೊಯ್ಯಾಕ ಬಿಡಲಿಲ್ರಿ."

"ಭಾಳ ಚಲೋ ಆತು. ಕುರಿ ಇಲ್ಲ, ತೊಗಲ ಇಲ್ಲ, ಕಿವಿ ಇಲ್ಲ. ಸಂತಿ ಯಾವ ಊರಾಗ ಇತ್ತೋ ನಿನ್ನಿ?"

ಪಡಸಾಲೆ ಗೊಳ್ಳೆಂದು ನಕ್ಕಿತಂತೆ. ನನ್ನ ಗಂಡ ಕುಣಿ ತೋರಿಸುತ್ತೇನೆ, ನಡೆಯಿರಿ ಅಂದ. ಕುರಿ ಹೂತ ಜಾಗಕ್ಕೆ ನಾನು ಯಾಕೆ ಬರಲಿ, ನಾನೇನು ಮಸಣ ಕಾಯುವವನೇ ಅಂದ ಸಾವಕಾರ. ಡಾಕ್ಟರನ್ನು ಕೇಳಿರಿ ಅಂದರೆ, ಡಾಕ್ಟರನಿಗೂ ಒಂದು ತೊಡೆ ಮುಟ್ಟಿರಬೇಕು ಅಂದ. ಅಜ್ಜನ ಕಾಲದಿಂದ ನಂಬಿಕೆಯ ಮನೆತನ ಅಂತ ಹಿಂಡು ಒಪ್ಪಿಸಿದ್ದವನೇ ಇವನು! ನಂಬಿಕೆಯಂತೆ ನಂಬಿಕೆ. ಒಂದು ಕುರಿಯ ಕಿವಿಯಷ್ಟೂ ಉದ್ದ ಇರಲಿಲ್ಲ ಅದು.

ಗಂಡ ಮನೆಗೆ ಬಂದು ಮೂಲೆಯಲ್ಲಿ ಕೂತ. ರೊಟ್ಟಿ ಇಟ್ಟೆ, ಮುಟ್ಟಲಿಲ್ಲ. "ಅಂದ್ರ ಅನ್ಲಿ ಬಿಡ್ರಿ. ಅಂವನ ಬಾಯಿ, ಅಂವನ ಹೊಲಸ" ಅಂದೆ. "ನಾಕ ಮಂದ್ಯಾಗ ಕಳ್ಳ ಅಂದಾ" ಅಂದ. ಮತ್ತೆ ಅದೇ ಮಾತು, ಮತ್ತೆ ಅದೇ. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕದಿಯದೆಯೂ ಹೆಗಲು ಮುಟ್ಟಿಕೊಳ್ಳುವ ಜಾತಿ.

ಮರುದಿನ ನಾನು ಎದ್ದವಳೇ ಸುಣ್ಣ ತರಲು ಪಕ್ಕದ ಊರಿನ ಭಟ್ಟಿಗೆ ಹೋದೆ. ಬಿಸಿಲೇರುವಾಗ ಬುಟ್ಟಿ ಹೊತ್ತು ಬರುತ್ತೇನೆ, ಹಟ್ಟಿಯ ಮುಂದೆ ಜನ ಸೇರಿದ್ದಾರೆ. ನಾನು ಆ ಕಡೆ ಹೋದ ಮೇಲೆ ಇನ್ನೊಂದು ಕುರಿ ನಡೆಯುತ್ತ ನಡೆಯುತ್ತ ತೂರಾಡಿ, ನಡುಗಿ, ಬಿದ್ದು ಸತ್ತಿತ್ತು. ನನ್ನ ಗಂಡ ಅದನ್ನು ಸುಲಿದಿದ್ದ. ತೊಗಲನ್ನು ಹಸಿಹಸಿಯಾಗಿಯೇ ಹೆಗಲಿಗೆ ಹಾಕಿಕೊಂಡು ಸಾವಕಾರನ ಮನೆಗೆ ನಡೆದುಬಿಟ್ಟಿದ್ದ. ಸುಲಿದ ಮೈ ಕೆಂಪಗೆ ನೆಲದ ಮೇಲೆ ಬಿದ್ದಿತ್ತು, ಸುತ್ತ ಕಪ್ಪು ರಕ್ತ ಮಡುಗಟ್ಟಿತ್ತು.

"ನನ್ನ ಮಗ ಕಳ್ಳ ಅಲ್ಲ ಅಂತ ಈಗ ಗೊತ್ತಾಗತೈತಿ ಅಂವಗ" ಅಂತ ಅತ್ತೆ ಎದೆ ಸೆಟೆಸಿ ಕೂತಿದ್ದಳು. ಕೇರಿಯ ಹೆಂಗಸರು ಬುಟ್ಟಿ ಬೋಗುಣಿ ಹಿಡಿದು ಬಂದಿದ್ದರು. ಸತ್ತ ಕುರಿಯ ಮಾಂಸ ಹಂಚುವುದು ನಮ್ಮಲ್ಲಿ ವಾಡಿಕೆ. ನನ್ನ ಮೈದುನ ಆಗಲೇ ತೊಡೆಗೆ ಕೈ ಹಚ್ಚಲು ಬಗ್ಗಿದ್ದ.

"ಕೈ ತಗೀ!" ಅಂತ ಕಿರುಚಿದೆ. "ಡಾಕ್ಟರ ಬಡಕೊಂಡಿದ್ದು ಕೇಳಲಿಲ್ಲೇನ? ಸಾಯ್ತೀರಿ ಎಲ್ಲಾರೂ!"

"ಕುದಿಸಿದ್ರ ಎಲ್ಲಾ ಹೋಗತೈತಿ ವೈನಿ. ನಮ್ಮ ಅಪ್ಪ, ಅಜ್ಜ ತಿಂದಿಲ್ಲೇನ?" ಅಂದ ಮೈದುನ.

"ನಿಮ್ಮಜ್ಜ ಯಾವದರಿಂದ ಸತ್ತ ಅಂತ ಯಾರ ನೋಡ್ಯಾರ?" ಅಂದೆ. ಮಾತಿನಿಂದ ಆಗುವ ಕೆಲಸ ಇದಲ್ಲ ಅನ್ನಿಸಿತು. ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ, ಸುಣ್ಣವನ್ನೆಲ್ಲ ಆ ಮಾಂಸದ ಮೇಲೆ ಸುರಿದುಬಿಟ್ಟೆ. ಅದರ ಮೇಲೆ ಬಚ್ಚಲ ಬೂದಿ, ಅದರ ಮೇಲೆ ಸೆಗಣಿ. ಈಗ ಒಯ್ಯಿರಿ, ಪಲ್ಯ ಮಾಡಿರಿ ಅಂದೆ! ಅಯ್ಯಯ್ಯ, ಆ ದಿನ ನಾನು ತಿಂದ ಬೈಗುಳ ಒಂದೇ ಎರಡೇ. ಅನ್ನಕ್ಕೆ ಸೆಗಣಿ ಹಾಕಿದವಳು, ಮನೆಹಾಳಿ, ತಿಕೋಂಡಿಯ ಮಾರಿ. ಬೋಗುಣಿ ಹಿಡಿದು ಬಂದವರು ಬೋಗುಣಿ ಬಡಿಯುತ್ತ ಹೋದರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತು ಊರಲ್ಲಿ ಗುಂಡುಕಲ್ಲಿನ ಹಾಗೆ ಓಡಾಡುತ್ತಿದ್ದಾರೆ. ಒಬ್ಬರಾದರೂ ಬಂದು ಚಲೋ ಮಾಡಿದಿ ಅಂದಿಲ್ಲ.

ಅತ್ತ ಸಾವಕಾರನ ಹಿತ್ತಲಲ್ಲಿ ನನ್ನ ಗಂಡ ತೊಗಲನ್ನು ನೆಲಕ್ಕೆ ಹಾಸಿ ನಿಂತಿದ್ದ. ಸಾವಕಾರ ಊರುಗೋಲಿನಿಂದ ಬಲಗಿವಿ ಎತ್ತಿದ.

"ಹೂಂ, ನಮ್ಮದ" ಅಂದ. ನನ್ನ ಗಂಡನ ಮುಖ ಅರಳಿರಬೇಕು. ಆಗ ಸಾವಕಾರ ಕೇಳಿದ: "ಇದ ಆತು. ನಿನ್ನಿದು?"

ಈ ಮಾತು ನೆನಪಾದಾಗಲೆಲ್ಲ ನನ್ನ ಹಲ್ಲು ತಾನೇ ಕಡಿಯುತ್ತದೆ. ತೊಗಲು ಕೊಟ್ಟಿಗೆಯ ಗೋಡೆ ಏರಿತು, ಸಾವಕಾರ ಸ್ನಾನಕ್ಕೆ ಹೋದ, ನನ್ನ ಗಂಡ ಅರ್ಧ ಕಳ್ಳನಾಗಿ ಮನೆಗೆ ಬಂದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಸಾಬೂನು ಹಚ್ಚಿ ತೊಳೆದುಕೊಳ್ಳಿರಿ ಅಂದರೆ ಕೈ ತೊಳೆದ, ಕಾಲು ತೊಳೆದ. ಕಂಬಳಿ ಹೊದೆಯುವ ಹೆಗಲು ಕುತ್ತಿಗೆ ಯಾರಿಗೆ ನೆನಪು? ಆಮೇಲೆ ಇಬ್ಬರೂ ಕೂಡಿ ಕುಣಿ ತೋಡಿದೆವು. ಡಾಕ್ಟರ ಮಾಡಿಸಿದ ಹಾಗೇ ಆ ಮೈಯನ್ನೂ, ನೆಲದ ಮೇಲಿನ ರಕ್ತದ ಮಣ್ಣನ್ನೂ ಆಳಕ್ಕೆ ಕೆರೆದು ಹೂತೆವು.

ಒಂದೆರಡು ದಿನ ಬಿಟ್ಟು ಅವನ ಕುತ್ತಿಗೆಯ ಬುಡದಲ್ಲಿ, ಹಸಿ ತೊಗಲು ತಾಗಿದ್ದ ಕಡೆ, ಒಂದು ಗುಳ್ಳೆ ಎದ್ದಿತು. ಹುಳ ಕಚ್ಚಿದ ಹಾಗೆ ತುರಿಕೆ. ಆಮೇಲೆ ಸುತ್ತ ನೀರುಗುಳ್ಳೆ, ನಡುವೆ ಕಪ್ಪು. ಕರಕಲು ಇದ್ದಿಲಿನ ಕಪ್ಪು. ಸುತ್ತಲಿನ ಮೈ ಬಾತು ದವಡೆಯವರೆಗೆ ಏರಿತು. "ನೋವ ಇಲ್ಲ ಬಿಡ, ತಾನ ಹೋಗತೈತಿ" ಅಂದ. ಅತ್ತೆ ಅರಿಶಿನ ಹಚ್ಚಿದಳು. ನೋಯದ ಹುಣ್ಣು ಅಂತ ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಅದು ನೋಯದೇ ಇರುವುದೇ ಅಂಜಿಕೆ ತಂದಿತು.

ಅಷ್ಟರಲ್ಲಿ ಡಾಕ್ಟರ ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಬಂದ. ಗಾಜಿನ ಮೇಲಿನ ರಕ್ತದಲ್ಲಿ ಫಾಶಿಯೇ ಕಂಡಿತ್ತು. ಸುದ್ದಿ ಹೇಳಲು ಬಾಯಿ ತೆರೆದವನು ನನ್ನ ಗಂಡನ ಕುತ್ತಿಗೆ ಕಂಡು ಬಾಯಿ ಮುಚ್ಚಿದ. "ಕಾಪಲಾ ನಾ? ಕೊಯ್ದಿ ಅಲ್ಲಾ?" ಅಂತ ಕೇಳಿದ. ನಾನು ಎಲ್ಲ ಹೇಳಿದೆ, ಊರುಗೋಲಿನಿಂದ ಹಿಡಿದು ಸ್ನಾನದವರೆಗೆ. ಡಾಕ್ಟರ ಬೈಯಲಿಲ್ಲ. ಗಾಡಿ ಕಟ್ಟಿರಿ, ಈಗಿಂದೀಗ ಜತ್ತದ ದವಾಖಾನೆಗೆ ಒಯ್ಯಿರಿ, ಬಾವು ಗಂಟಲಿಗೆ ಇಳಿದರೆ ಉಸಿರು ನಿಲ್ಲುತ್ತದೆ, ವಿಷ ರಕ್ತಕ್ಕೆ ಸೇರಿದರೆ ಯಾರ ಕೈಯಲ್ಲೂ ಇಲ್ಲ ಅಂದ. ದವಾಖಾನೆಯ ದೊಡ್ಡ ಡಾಕ್ಟರನಿಗೆ ಏನು ಹೇಳಬೇಕೆಂದು ನನ್ನಿಂದ ಹೇಳಿಸಿ ಕೇಳಿದ: ಫಾಶಿಯ ಕುರಿ ಸುಲಿದಾನೆ, ತೊಗಲು ಹೊತ್ತಾನೆ.

ಗಾಡಿಯಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಮೈ ಕಾಯ್ದ ಹೆಂಚಾಗಿತ್ತು. ದಾರಿಯುದ್ದಕ್ಕೂ ನಾನು ದೇವರನ್ನು ಬೇಡಿಕೊಂಡೆ ಅಂತ ಬರೆದರೆ ಚೆಂದ ಕಾಣುತ್ತದೆ. ಬೇಡಿಕೊಳ್ಳಲಿಲ್ಲ. ಸಾವಕಾರನನ್ನು ಶಪಿಸಿದೆ, ಅತ್ತೆಯನ್ನು ಶಪಿಸಿದೆ, ತೊಡೆಯ ಮೇಲೆ ಮಲಗಿದವನನ್ನೂ ಶಪಿಸಿದೆ. ನನಗೆ ಮದುವೆಯಾಗಿ ಹೆಚ್ಚು ವರ್ಷ ಆಗಿರಲಿಲ್ಲ. ಒಂದು ಕಿವಿಯ ಸಲುವಾಗಿ ನನ್ನನ್ನು ರಂಡೆಯನ್ನು ಮಾಡಲು ಹೊರಟಿದ್ದನಲ್ಲ, ಈ ಮಾನವಂತ!

ದವಾಖಾನೆಯಲ್ಲಿ ಪೆನ್ಸಿಲಿನ್ ಅಂತ ಸೂಜಿ ಚುಚ್ಚಿದರು, ಹಗಲು ರಾತ್ರಿ ಅನ್ನದೆ ಚುಚ್ಚಿದರು. ಹುಣ್ಣನ್ನು ಒತ್ತಬೇಡಿ, ಕೊಯ್ಯಬೇಡಿ ಅಂತ ಅಲ್ಲಿಯೂ ಅದೇ ಮಾತು. ಬಾವು ಮೊದಲು ಇನ್ನೂ ಏರಿತು. ನೀರು ಗುಟುಕರಿಸಲೂ ಆಗದೆ ಅವನು ಕಣ್ಣುಬಿಟ್ಟು ನನ್ನನ್ನೇ ನೋಡುತ್ತಿದ್ದ. ಮಾತಾಡಲು ಬಂದ ಕೂಡಲೇ ಏನು ಕೇಳಿದ ಗೊತ್ತೇ? ನೀನು ಉಂಡೆಯಾ ಅಂತಲ್ಲ, ಹಿಂಡು ಹೇಗಿದೆ ಅಂತಲೂ ಅಲ್ಲ. "ಸಾವಕಾರ್ರ ಏನಂದ್ರು?" ಅಂದ. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಬದುಕುತ್ತಾನೆ ಅಂತ ಸಂತೋಷಕ್ಕೂ ಅತ್ತೆ, ಇಂಥವನ ಜೊತೆ ಬದುಕಬೇಕಲ್ಲ ಅಂತ ಸಿಟ್ಟಿಗೂ ಅತ್ತೆ.

ಸಾವಕಾರ ಏನಂದ ಅನ್ನುವುದು ಊರಿನಿಂದ ನೋಡಲು ಬಂದವರ ಬಾಯಿಂದ ನನಗೆ ಆಗಲೇ ಗೊತ್ತಾಗಿತ್ತು. ದನದ ಡಾಕ್ಟರ ನಮ್ಮ ಹಿಂಡಿಗೆ ತೊಡೆಯ ಒಳಮೈಗೆ ಲಸಿಕೆ ಚುಚ್ಚಿ ಮುಗಿಸಿ, ನೇರ ಸಾವಕಾರನ ಹಿತ್ತಲಿಗೆ ಹೋಗಿದ್ದ. ಗೋಡೆಯ ಮೇಲಿನ ತೊಗಲನ್ನು ಕೋಲಿನಿಂದ ಇಳಿಸಿ, ಕಟ್ಟಿಗೆ ಒಟ್ಟಿ, ಬೂದಿಯಾಗುವ ತನಕ ನಿಂತು ಸುಡಿಸಿದ್ದ. ಅದರ ಕೆಳಗಿದ್ದ ಮೇವನ್ನೂ ಸುಡಿಸಿ, ಕೊಟ್ಟಿಗೆಯ ಎತ್ತು ಎಮ್ಮೆಗಳಿಗೆಲ್ಲ ಲಸಿಕೆ ಹಾಕಿದ್ದ. ಕುರಿಗಾರ ಸಾಯುವ ಹಾಗಿದ್ದಾನೆ ಅಂತ ಅವನು ಹೇಳಿದಾಗ ಸಾವಕಾರ ಕೇಳಿದ ಮೊದಲ ಮಾತು ತೊಗಲು ಸುಟ್ಟದ್ದಕ್ಕೆ ಹೊಣೆ ಯಾರು ಅಂತ. ಎರಡನೆಯ ಮಾತು ಈ ರೋಗ ನೋಡಿದವರಿಗೂ ಹತ್ತುತ್ತದೇನು ಅಂತ. ಡಾಕ್ಟರ ಹಾಗೇನಿಲ್ಲ ಅಂದರೂ ನಂಬದೆ, ಆ ಊರುಗೋಲನ್ನೂ ತಾನೇ ಬೆಂಕಿಗೆ ಎಸೆದನಂತೆ. ಅಲ್ಲಿಂದ ಮುಂದೆ ಹಿತ್ತಲ ಬಾಗಿಲಿಗೇ ಬರಲಿಲ್ಲವಂತೆ.

ಗಂಡ ಬದುಕಿ ಬಂದ. ಕಪ್ಪು ಹಕ್ಕಳೆ ಉದುರಿ, ಕುತ್ತಿಗೆಯಲ್ಲಿ ಚರ್ಮ ಎಳೆದು ಹೊಲಿದಂಥ ಗುಳಿ ಉಳಿಯಿತು. ಬಲಕ್ಕೆ ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಹಟ್ಟಿಹಟ್ಟಿಯ ಹಿರಿಯರು ಬಂದು ನೋಡಿದರು. ಎಂದೂ ಒಂದಾಗದ ಮಂದಿ ಬೇವಿನ ಗಿಡದ ಕೆಳಗೆ ಕೂತು ಒಂದು ಮಾತಿಗೆ ಬಂದರು: ಏಕಾಏಕಿ ಸತ್ತ ಕುರಿಯನ್ನು ಇನ್ನು ಯಾರೂ ಸುಲಿಯುವುದಿಲ್ಲ. ಮಾಲಕನಿಗೆ ಸಂಶಯ ಇದ್ದರೆ ಕುರಿ ಬಿದ್ದ ಜಾಗಕ್ಕೆ ತಾನೇ ಬಂದು ನೋಡಲಿ. ಮನುಷ್ಯನ ಕುತ್ತಿಗೆ ಹೋಗುವ ಹಾಗಾದ ಮೇಲೆ ಇಷ್ಟು ಬುದ್ಧಿ ಬಂತು ನಮ್ಮವರಿಗೆ. ಬಂತಲ್ಲ, ಅದೇ ದೊಡ್ಡದು.

ಲಸಿಕೆಯ ದಿನ ಒಂದು ಕುರಿ ತಪ್ಪಿಸಿಕೊಂಡು ಬೇರೆ ಹಿಂಡು ಸೇರಿತ್ತು. ಯಾರ ಕಣ್ಣಿಗೂ ಬೀಳದೆ ಮತ್ತೆ ತಗ್ಗಿನಲ್ಲಿ ಮೇಯ್ದಿರಬೇಕು. ನಮ್ಮ ಹಿಂಡಿಗೆ ಮರಳಿದ ಮೇಲೆ ಒಂದು ಮುಂಜಾನೆ ಮಡ್ಡಿಯ ಮೇಲೆ ಅದು ಸತ್ತು ಬಿತ್ತು. ಅದೇ ಉಬ್ಬಿದ ಹೊಟ್ಟೆ, ಅದೇ ಕಪ್ಪು ರಕ್ತ. ಯಾರೂ ಮುಟ್ಟಲಿಲ್ಲ. ಮುಳ್ಳು ಮುಚ್ಚಿದೆವು, ಹಟ್ಟಿಯ ಮಂದಿಯೆಲ್ಲ ಸೇರಿ ಪಕ್ಕದಲ್ಲಿ ಕುಣಿ ತೋಡಲು ಹತ್ತಿದೆವು, ಮೈದುನ ಸಾವಕಾರನಿಗೆ ಸುದ್ದಿ ಹೇಳಲು ಹೋದ. ಅವನು ಬರುತ್ತಾನೆಂದು ನಾನಂತೂ ತಿಳಿದಿರಲಿಲ್ಲ. ಮಾಲಕ ಬಂದು ನೋಡದಿದ್ದರೆ ಹಿಂಡು ತಿರುಗಿ ಒಪ್ಪಿಸುತ್ತೇವೆ ಅಂತ ಹಿರಿಯರು ಹೇಳಿದ್ದರಿಂದ ಬಂದ.

ಬಂದ ಅಂದರೆ ಎಷ್ಟು ಬಂದ? ಇಳಿಜಾರಿನ ಬನ್ನಿಗಿಡದವರೆಗೆ ಬಂದ. ಅಲ್ಲೇ ಗಾಡಿ ನಿಲ್ಲಿಸಿ, ಇಳಿಯದೆ, ಧೋತರದ ಚುಂಗಿನಿಂದ ಮೂಗು ಬಾಯಿ ಮುಚ್ಚಿಕೊಂಡ. ಕಣ್ಣು ಮಾತ್ರ ಕಾಣುತ್ತಿದ್ದವು. ಎತ್ತುಗಳು ಅವನಿಗಿಂತ ಧೈರ್ಯವಾಗಿ ಮೆಲುಕಾಡುತ್ತ ನಿಂತಿದ್ದವು.

ನನ್ನ ಗಂಡ ಸಲಿಕೆ ಊರಿ ಮೇಲೆ ಬಂದ. ಕುರಿಯ ಮೇಲಿನ ಮುಳ್ಳನ್ನು ಕೋಲಿನಿಂದ ತುಸು ಸರಿಸಿ ಕೂಗಿದ: "ಬರ್ರಿ ಸಾವಕಾರ್ರ. ಬಲಗಿವಿ ಕಾಣತೈತಿ. ಗುರ್ತ ನೋಡ್ರಿ."

"ಬ್ಯಾಡೋ ಮಾರಾಯ!" ಅರಿವೆಯೊಳಗಿನಿಂದ ಧ್ವನಿ ಬಂತು. "ಮುಚ್ಚ ಅದನ್ನ, ಲಗೂನ ಮುಚ್ಚ!"

"ನೀವ ಒಮ್ಮಿ ನೋಡ್ರಿ. ಆಮ್ಯಾಲ ಮಾತ ಬರಬಾರ್ದ."

"ನೋಡೂದ ಏನೈತಿ? ನಮ್ಮದ ಅದು, ನಮ್ಮದ! ನೀ ಹೇಳಿದಿ ಅಂದ್ರ ಮುಗೀತು. ನಿನ್ನ ಮಾತ ನಾ ನಂಬಬಾರ್ದೇನ? ಆ ಮೊದಲಿನ ಕುರೀದೂ ಎಲ್ಲಾ ನಂಬೀನಿ. ಹೂಳ, ಹೂಳ!" ಅಂತ ಅನ್ನುತ್ತಲೇ ಗಾಡಿ ತಿರುಗಿಸಿದ. ಎತ್ತಿನ ಬಾಲ ತಿರುವಿ, ಇಳಿಜಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋದ.

ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಬಾಯಿತುಂಬ ಮಾತು ಬಂದಿದ್ದವು. ನಾಲ್ಕು ಮಂದಿಯ ಮುಂದೆ ಇದ್ದದ್ದು ಇದ್ದಂತೆ ಹೇಳಿದಾಗ ಹುಟ್ಟದ ನಂಬಿಕೆ, ಹಸಿ ತೊಗಲು ಹೊತ್ತು ಜೀವ ಪಣಕ್ಕಿಟ್ಟಾಗ ಅರ್ಧಕ್ಕೇ ನಿಂತ ನಂಬಿಕೆ, ತನ್ನ ಮೂಗಿಗೆ ಅಂಜಿಕೆ ಬಂದ ಕೂಡಲೇ ಹೇಗೆ ಸಲೀಸಾಗಿ ಹುಟ್ಟಿತು! ಥೂ, ಇದರ ಸಲುವಾಗಿ ಸಾಯಲು ಹೋಗಿದ್ದೆಯಾ, ಅನ್ನಬೇಕೆಂದು ಗಂಡನ ಕಡೆ ತಿರುಗಿದೆ.

ಅವನು ಗಾಡಿ ಹೋದ ದಾರಿಯನ್ನು ನೋಡಲು ಇಡೀ ಮೈ ತಿರುಗಿಸಿ ನಿಂತಿದ್ದ. ಕಣ್ಣಲ್ಲಿ ನೀರು ತುಂಬಿತ್ತು. ಮುಖದ ಮೇಲೆ ಇಂಥ ಬೆಳಕನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

"ಕೇಳಿದಿ?" ಅಂದ. "ಎಲ್ಲಾರ ಮುಂದ ಅಂದ್ರು. ನನ್ನ ಮಾತ ನಂಬ್ಯಾರ."

ಹುಟ್ಟಿದಂದಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ನಾನು, "ಹೌದ್ರಿ, ಕೇಳಿದ್ನಿ" ಅಂದು ಸುಣ್ಣದ ಬುಟ್ಟಿ ಎತ್ತಿಕೊಂಡು ಕುಣಿಯ ಕಡೆ ಹೋದೆ.